ಮೆರಿನೋ ಒಳಂಗಿ: 150 ಸಾಕೋ, 260 ಬೇಕೋ?

ನವೆಂಬರ್ ಕೊನೆಯ ಒಂದು ಶನಿವಾರ ಅಕ್ಕನ ಮಗ ಕಾರ್ತಿಕ್ ಪುಣೆಯ ನಮ್ಮ ಮನೆಗೆ ಬಂದ. ಚಹಾ ಬರುವ ಮೊದಲೇ ಮೊಬೈಲ್ ಮುಂದೆ ಹಿಡಿದ. ಪರದೆಯ ಮೇಲೆ ಎರಡು ಒಳಂಗಿ, ಮೆರಿನೋ ಕುರಿಯ ಉಣ್ಣೆಯವು. ಕಂಪನಿ ಒಂದೇ, ಬಣ್ಣವೂ ಒಂದೇ. ಒಂದರ ಕೆಳಗೆ 150 ಅಂತ ಇತ್ತು, ಇನ್ನೊಂದರ ಕೆಳಗೆ 260.

"ಮಾಮಾ, ಡಿಸೆಂಬರ್ ಕಡೀಗೆ ಹಿಮಾಲಯದಾಗ ಕೇದಾರಕಾಂತ ಟ್ರೆಕ್ ಅದ. ಅಲ್ಲಿ ರಾತ್ರಿ ಮೈನಸ್ ಎಂಟು, ಹತ್ತು ಇರ್ತದಂತ. 260 ತಗೊಂಡ್ರ ಬರೋಬ್ಬರಿ ಅಲ್ಲಾ? ಮುಂಜಾನೆ ಹಿಂಜವಡಿ ಆಫೀಸಿಗೆ ಗಾಡಿ ಮ್ಯಾಲೆ ಹೋಗಾಕೂ ಆಗ್ತದ."

150 ತಗೋ ಅಂದೆ. ಅವನು ನನ್ನನ್ನೇ ನೋಡಿದ. ಚಳಿ ಜಾಸ್ತಿ ಇದ್ದಲ್ಲಿ ದಪ್ಪ ಬಟ್ಟೆ, ಕಡಿಮೆ ಇದ್ದಲ್ಲಿ ತೆಳು ಬಟ್ಟೆ ಅನ್ನುವುದು ಚಿಕ್ಕ ಮಕ್ಕಳಿಗೂ ಗೊತ್ತು, ಮಾಮಾ ಯಾಕೋ ಉಲ್ಟಾ ಹೇಳ್ತಿದ್ದಾನೆ ಅನ್ನುವ ನೋಟ ಅದು. ಸ್ವೆಟರ್, ಜಾಕೆಟ್, ಕಂಬಳಿಗೆ ಆ ಲೆಕ್ಕ ಸರಿ. ಮೈಗೆ ಅಂಟಿಕೊಂಡಿರುವ ಒಳಂಗಿಗೆ ಸರಿಯಲ್ಲ. ಹೊರಗೆ ಎಷ್ಟು ಚಳಿ ಅನ್ನುವುದಕ್ಕಿಂತ, ಅದನ್ನು ತೊಟ್ಟು ನೀವು ಏನು ಮಾಡ್ತಿರುತ್ತೀರಿ ಅನ್ನುವುದರ ಮೇಲೆ ಅದರ ತೂಕ ನಿಲ್ಲುತ್ತದೆ. ಈ ಮಾತು ಅವನಿಗೆ ಬಾಯಲ್ಲಿ ಹೇಳಿದರೆ ಹಿಡಿಸಲಿಲ್ಲ. ಹಾಗಾಗಿ ಅಡುಗೆಮನೆಯ ತಕ್ಕಡಿ ತಂದೆ.

ಆ ಅಂಕಿ ಏನು ಹೇಳುತ್ತದೆ

150, 200, 260 ಅನ್ನುವುದು ಜಿಎಸ್‌ಎಂ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ, ಅಷ್ಟೇ. ಇಷ್ಟು ಡಿಗ್ರಿಗೆ ಇದು ಅಂತ ಅದರಲ್ಲಿ ಬರೆದಿಲ್ಲ. ಅಂಗಡಿಗಳಲ್ಲಿ ಸಾಮಾನ್ಯವಾಗಿ 120ರಿಂದ 165ರವರೆಗಿನದನ್ನು ಹಗುರ ಅನ್ನುತ್ತಾರೆ, 180ರಿಂದ 220ರದ್ದು ಮಧ್ಯಮ, 240 ದಾಟಿದ್ದು ದಪ್ಪ.

ನನ್ನ ಹತ್ತಿರ ಎರಡೂ ಇವೆ. ಎರಡೂ ಮೀಡಿಯಂ ಅಳತೆಯ ತುಂಬುತೋಳಿನವು. ಹಗುರದ್ದನ್ನು ತಕ್ಕಡಿಗೆ ಹಾಕಿದೆ: 178 ಗ್ರಾಂ. ದಪ್ಪದ್ದು 302. ಆಮೇಲೆ ಹೊಲಿಗೆ ಟೇಪಿನಲ್ಲಿ ಅಳೆದೆವು. ಮೈ ಭಾಗ 70 ಸೆಂ.ಮೀ. ಉದ್ದ, 52 ಅಗಲ, ಹಿಂದೆ ಮುಂದೆ ಎರಡು ಪದರ. ತೋಳು 62 ಉದ್ದ, ಸರಾಸರಿ 15 ಅಗಲ, ಅದಕ್ಕೂ ಎರಡೆರಡು ಪದರ. ಎಲ್ಲಾ ಕೂಡಿಸಿದರೆ ಹತ್ತಿರ ಹತ್ತಿರ 1.1 ಚದರ ಮೀಟರ್ ಬಟ್ಟೆ. 178ನ್ನು 1.1ರಿಂದ ಭಾಗಿಸಿದರೆ 162 ಬರುತ್ತದೆ, 302ಕ್ಕೆ 275. ಹೊಲಿಗೆ, ಕಾಲರು, ದಪ್ಪದ್ದರ ಕುತ್ತಿಗೆಯ ಜಿಪ್ಪು ಇವಕ್ಕೆಲ್ಲ ಒಂದಿಷ್ಟು ಗ್ರಾಂ ಬಿಟ್ಟರೆ ಲೇಬಲ್ ಸುಳ್ಳು ಹೇಳಿಲ್ಲ. ಜಿಎಸ್‌ಎಂ ಬರೆಯದೆ ಸುಮ್ನೆ 'ಅಲ್ಟ್ರಾ ವಾರ್ಮ್' ಅಂತ ಹಾಕಿ ಮಾರುವ ಅಂಗಿ ಮನೆಗೆ ಬಂದರೆ ಹೀಗೆ ಒಮ್ಮೆ ತೂಗಿ ನೋಡಿ. ವಾಪಸ್ ಕಳಿಸುವ ಗಡುವು ಮುಗಿಯುವುದರೊಳಗೆ ನೋಡಿ.

ಕಾರ್ತಿಕ್ ಇನ್ನೊಂದು ಅಂಕಿ ತೋರಿಸಿದ: 18.5 ಮೈಕ್ರಾನ್. ಇದು ಎಳೆಯ ದಪ್ಪ, ಬಟ್ಟೆಯ ದಪ್ಪವಲ್ಲ. ಚುಚ್ಚುತ್ತದೋ ಇಲ್ಲವೋ ಅನ್ನುವುದನ್ನು ಇದು ಹೇಳುತ್ತದೆ. ನಮ್ಮ ಕಡೆಯ ಕುರುಬರ ಕಂಬಳಿ ಹೊದ್ದು ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಖನಿ ಕುರಿಯ ಉಣ್ಣೆ 30 ಮೈಕ್ರಾನ್ ದಾಟುತ್ತದೆ, ತುದಿ ಬಾಗದೆ ಚರ್ಮಕ್ಕೆ ಕುತ್ತುತ್ತದೆ. ಮೆರಿನೋ ಎಳೆ 17ರಿಂದ 19ರೊಳಗೆ ಇದ್ದರೆ ಮೈಗೆ ತಾಗಿದ ಕೂಡಲೇ ಬಾಗುತ್ತದೆ. ಹಗುರ ಅಂಗಿಯಲ್ಲೂ ದಪ್ಪ ಅಂಗಿಯಲ್ಲೂ ಎಳೆ ಇದೇ ಇರಬಹುದು. ಹಾಗಾಗಿ ತೂಕ ಆರಿಸುವಾಗ ಮೈಕ್ರಾನ್ ನೋಡಿ ಗೊಂದಲ ಮಾಡಿಕೊಳ್ಳಬೇಡಿ. 19ರ ಒಳಗಿದೆಯಾ ನೋಡಿ, ಮುಂದೆ ಹೋಗಿ.

ಸಿಂಹಗಡದಲ್ಲಿ ತೂಗಿ ನೋಡಿದ್ದು

ಮರುದಿನ ಭಾನುವಾರ. ಬೆಳಗ್ಗೆ ಐದೂವರೆಗೆ ಅತ್ಕರವಾಡಿಯಲ್ಲಿ ಗಾಡಿ ನಿಲ್ಲಿಸಿದೆವು. ಅಲ್ಲಿಂದ ಸಿಂಹಗಡಕ್ಕೆ ಕಾಲುದಾರಿ ಶುರು. ಗಡದ ನೆತ್ತಿ 1,312 ಮೀಟರ್, ಅಂದರೆ ಬುಡದಿಂದ 600 ಮೀಟರಿನಷ್ಟು ಏರು. ಹೊರಗೆ 11 ಡಿಗ್ರಿ. ಪುಣೆಯವರಿಗೆ ಇದು ಕಿವಿಗೆ ಮಫ್ಲರ್ ಸುತ್ತುವ ಚಳಿ.

ಕಾರ್ತಿಕ್‌ಗೆ ನನ್ನ ದಪ್ಪ ಅಂಗಿ ಕೊಟ್ಟೆ, ಹಗುರದ್ದು ನಾನು ಹಾಕಿಕೊಂಡೆ. ಮೇಲೆ ಇಬ್ಬರಿಗೂ ಒಂದೇ ತರಹದ ತೆಳು ವಿಂಡ್‌ಚೀಟರ್. ಮೊದಲ ಐದು ನಿಮಿಷ ಅವನಿಗೆ ಖುಷಿ, ನನಗೆ ನಡುಕ. ಇಪ್ಪತ್ತನೇ ನಿಮಿಷಕ್ಕೆ ಅವನು ವಿಂಡ್‌ಚೀಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿದ್ದ, ಕುತ್ತಿಗೆಯ ಜಿಪ್ಪು ಪೂರ್ತಿ ಇಳಿಸಿದ್ದ, ತೋಳು ಮೊಣಕೈ ಮೇಲೆ ಏರಿಸಿದ್ದ. ಮೇಲೆ ಪುಣೆ ದರ್ವಾಜಾದ ಹತ್ತಿರ ಗಾಳಿಗೆ ನಿಂತಾಗ ಇಬ್ಬರೂ ಒಳಂಗಿ ಬಿಚ್ಚಿ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿದೆವು. ಪಕ್ಕದಲ್ಲಿ ಕಾಂದಾ ಭಜಿ ಕರಿಯುತ್ತಿದ್ದ ಮಾವಶಿ ನಮ್ಮನ್ನು ನೋಡಿ ಏನಂದುಕೊಂಡರೋ.

ಮನೆಗೆ ಬಂದು ತೂಗಿದೆವು. ಹಗುರದ್ದು 178ರಿಂದ 204ಕ್ಕೆ ಏರಿತ್ತು, 26 ಗ್ರಾಂ ಬೆವರು. ದಪ್ಪದ್ದು 302 ಇದ್ದದ್ದು 391 ಆಗಿತ್ತು. 89 ಗ್ರಾಂ.

ಅವನು ವಾದ ಮಾಡಿದ: ನಾನು ಜಾಸ್ತಿ ಬೆವರ್ತೀನಿ, ಮಾಮಾ. ಸರಿ ಅಂತ ಮುಂದಿನ ಭಾನುವಾರ ಅಂಗಿ ಅದಲುಬದಲು ಮಾಡಿದೆವು. ದಪ್ಪದ್ದರಲ್ಲಿ ನಾನು 74 ಗ್ರಾಂ ಹೊತ್ತು ತಂದೆ, ಹಗುರದ್ದರಲ್ಲಿ ಅವನು 31. ಇಬ್ಬರೇ ಮಾಡಿದ ಪರೀಕ್ಷೆ, ಪ್ರಯೋಗಾಲಯದ್ದಲ್ಲ, ಗ್ರಾಂ ಲೆಕ್ಕ ಹಿಡಿದು ಜಗಳಕ್ಕೆ ಬರಬೇಡಿ. ಆದರೆ ಯಾರು ತೊಟ್ಟರೂ ದಪ್ಪದ್ದೇ ಎರಡು-ಮೂರು ಪಟ್ಟು ಬೆವರು ಹಿಡಿದಿಟ್ಟುಕೊಂಡಿತು. ಅದಕ್ಕೆ ಎರಡು ಕಾರಣ. ಬಿಸಿ ಹೊರಗೆ ಹೋಗದೆ ಮೈ ಜಾಸ್ತಿ ಬೆವರಿತು. ಬೆವರನ್ನು ಹಿಡಿದಿಡಲು ಉಣ್ಣೆಯೂ ಜಾಸ್ತಿ ಇತ್ತು.

ಇಲ್ಲಿ ಉಣ್ಣೆಯ ಒಂದು ಗುಣ ಗೊತ್ತಿರಬೇಕು. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯ ಒಳಗೆ ಎಳೆದುಕೊಳ್ಳಬಲ್ಲದು, ಆದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಪಾಲಿಯೆಸ್ಟರ್ ಎಳೆ ಒಳಕ್ಕೆ ನೀರು ತಗೊಳ್ಳುವುದೇ ಇಲ್ಲ ಅನ್ನಬಹುದು, ಹಾಗಾಗಿ ಬೆವರು ಎಳೆಗಳ ನಡುವೆ ನಿಂತು ಜಿಗಿಜಿಗಿ ಅನ್ನಿಸುತ್ತದೆ. ಉಣ್ಣೆಯ ಈ ಗುಣವನ್ನು ಎಲ್ಲರೂ ಹೊಗಳುತ್ತಾರೆ. ನಾನೂ ಹೊಗಳುತ್ತೇನೆ. ಆದರೆ ಇದರಲ್ಲೇ ಮೋಸವೂ ಇದೆ. ಕಾರ್ತಿಕ್‌ನ ಅಂಗಿಯಲ್ಲಿ 89 ಗ್ರಾಂ ನೀರಿದ್ದರೂ ಅವನು "ಏನೂ ಒದ್ದಿ ಆಗಿಲ್ಲ ಮಾಮಾ" ಅಂತಿದ್ದ. 302 ಗ್ರಾಂ ಅಂಗಿಗೆ 89 ಅಂದರೆ ಆ ಮೂರನೇ ಒಂದು ಭಾಗದ ಅಂಚಿಗೆ ಬಂದು ನಿಂತಿದೆ. ಇನ್ನು ಸ್ವಲ್ಪ ಏರಿದ್ದರೆ ಒದ್ದೆ ಅಂತ ಗೊತ್ತಾಗುತ್ತಿತ್ತು.

ನೀರು ಒಳಗಿದ್ದರೆ ಏನು ತೊಂದರೆ? ಅದು ಆರಬೇಕು. ಆರಲು ಬಿಸಿ ಬೇಕು. ಆ ಬಿಸಿಯಲ್ಲಿ ದೊಡ್ಡ ಪಾಲು ಬರುವುದು ನಿಮ್ಮ ಮೈಯಿಂದ. 100 ಗ್ರಾಂ ನೀರು ಆವಿಯಾಗಲು ಸುಮಾರು 240 ಕಿಲೋಜೂಲ್ ಬೇಕು. ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು 100 ವ್ಯಾಟ್ ಬಿಸಿ ಹುಟ್ಟಿಸುತ್ತದೆ, ಹಳೆಯ ಕಾಲದ ಒಂದು ಬಲ್ಬಿನಷ್ಟು. ಭಾಗಿಸಿ ನೋಡಿ: 40 ನಿಮಿಷ ನಿಮ್ಮ ಮೈ ಹುಟ್ಟಿಸುವ ಅಷ್ಟೂ ಬಿಸಿ ಅಂಗಿ ಆರಿಸುವುದಕ್ಕೇ ಬೇಕು. ಸಿಂಹಗಡದಲ್ಲಿ ಬಿಸಿಲು ಬರುತ್ತದೆ, ಪಿಠ್ಲಾ-ಭಾಕ್ರಿ ತಿಂದು ಇಳಿಯುತ್ತೀರಿ, ಏನೂ ಆಗುವುದಿಲ್ಲ. ಕೇದಾರಕಾಂತದ ನೆತ್ತಿಯಲ್ಲಿ ಬೆಳಗಿನ ಆರು ಗಂಟೆಗೆ ಗಾಳಿಯಲ್ಲಿ ನಿಂತಾಗ ಇದೇ 100 ಗ್ರಾಂ ನಡುಗಿಸುತ್ತದೆ.

ಕೇದಾರಕಾಂತದ ಒಂದು ದಿನವನ್ನು ಬಿಡಿಸಿ ನೋಡಿದರೆ

ದೆಹರಾದೂನ್‌ನಿಂದ ಒಂದಿಡೀ ದಿನದ ಪ್ರಯಾಣ ಮಾಡಿದರೆ ಸಾಂಕ್ರಿ ಅನ್ನುವ ಹಳ್ಳಿ. ಅಲ್ಲಿಂದ ಏರಲು ಶುರು. ಶಿಖರ ಸುಮಾರು 3,800 ಮೀಟರ್, 12,500 ಅಡಿ. ಡಿಸೆಂಬರ್ ಕೊನೆಗೆ ದಾರಿಯಲ್ಲಿ ಹಿಮ ಇರುತ್ತದೆ. ಕೊನೆಯ ಕ್ಯಾಂಪಿನಿಂದ ರಾತ್ರಿ ಎರಡೂವರೆ ಮೂರಕ್ಕೆ ಹೊರಟು, ಸೂರ್ಯೋದಯದ ಹೊತ್ತಿಗೆ ನೆತ್ತಿ ಮುಟ್ಟುವುದು ರೂಢಿ.

ಈ 24 ಗಂಟೆಯಲ್ಲಿ ಮೈ ಮೂರು ಬೇರೆ ಬೇರೆ ಸ್ಥಿತಿಯಲ್ಲಿರುತ್ತದೆ. ಕತ್ತಲಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಹಿಮದಲ್ಲಿ ಏರುವಾಗ ಕೂತಾಗಿನ ನಾಲ್ಕೈದು ಪಟ್ಟು ಬಿಸಿ ಹುಟ್ಟುತ್ತದೆ. ನೆತ್ತಿಯ ಮೇಲೆ ಅರ್ಧ ಗಂಟೆ ಫೋಟೋ ಅಂತ ನಿಂತಾಗ ಅದು ಧಡಕ್ಕನೆ ಇಳಿಯುತ್ತದೆ. ಕ್ಯಾಂಪಿಗೆ ಬಂದು ಟೆಂಟಿನಲ್ಲಿ ಬಿದ್ದುಕೊಂಡರೆ ಇನ್ನೂ ಕಡಿಮೆ, ಹೊರಗೆ ಮೈನಸ್ ಎಂಟು.

ಮೊದಲ ಸ್ಥಿತಿಗೆ 150 ಸರಿ. ಮೇಲೊಂದು ತೆಳು ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಹೊರಟ ಮೊದಲ ಹತ್ತು ನಿಮಿಷ ಚಳಿ ಅನ್ನಿಸಬೇಕು. ಅನ್ನಿಸದಿದ್ದರೆ ಜಾಸ್ತಿ ತೊಟ್ಟಿದ್ದೀರಿ ಅಂತ ಲೆಕ್ಕ. ಅರ್ಧ ಗಂಟೆಯ ನಂತರ ಕೈಗವಸು ತೆಗೆದು ಬೆನ್ನಿನ ಕೆಳಭಾಗಕ್ಕೆ, ಚೀಲ ಒತ್ತುವ ಜಾಗಕ್ಕೆ, ಬೆರಳು ಹಾಕಿ ನೋಡಿ. ಬೆಚ್ಚಗೆ ಒಣಗಿದ್ದರೆ ಸರಿ. ಬೆಚ್ಚಗೆ ಪಸೆ ಇದ್ದರೆ ಫ್ಲೀಸ್ ಬಿಚ್ಚಿ ಚೀಲಕ್ಕೆ ಹಾಕುವ ಹೊತ್ತು ಬಂದಿದೆ. ಬೆವರು ಹಣೆಗೆ ಬರುವವರೆಗೆ ಕಾಯಬೇಡಿ.

150ರ ಅನುಕೂಲ ಇದೇ. ಮೇಲಿನದನ್ನು ತೆಗೆದು ಹಾಕಿ ಮಾಡಿ ಬಿಸಿ ಸರಿಮಾಡಿಕೊಳ್ಳಬಹುದು. ಒಳಗೆ 260 ಇದ್ದರೆ ಎಲ್ಲಾ ಬಿಚ್ಚಿದ ಮೇಲೂ ಅದು ಇದ್ದೇ ಇರುತ್ತದೆ. ಮೈನಸ್ ಐದರಲ್ಲಿ ಹಿಮದ ಮೇಲೆ ನಿಂತು ಮೈಗಂಟಿದ ಅಂಗಿಯನ್ನು ಯಾರು ಬದಲಿಸುತ್ತಾರೆ?

ನಾನೇ ಒಮ್ಮೆ ಅನುಭವಿಸಿದ್ದೇನೆ. ಮೊದಲ ಸಲ ಹೋದಾಗ ದಪ್ಪದ್ದು ತೊಟ್ಟೇ ಹೊರಟೆ. ಏರುವಾಗ ಎಲ್ಲರಿಗಿಂತ ನಾನೇ ಬೆಚ್ಚಗಿದ್ದೆ. ನೆತ್ತಿಯ ಹಿಂದಿನ ಏಣಿನ ಮೇಲೆ ಸಾಲು ನಿಂತಿತು, ಮುಂದಿನವರು ದಾರಿ ಬಿಡಬೇಕಿತ್ತು. ಹದಿನೈದು ನಿಮಿಷ ಆಗಿರಬಹುದು. ಬೆನ್ನ ಮೇಲೆ ಯಾರೋ ತಣ್ಣೀರು ಬಟ್ಟೆ ಹಾಸಿದಂತಾಯಿತು. ಹಕ್ಕಿಯ ಮೆದುಪುಕ್ಕ ತುಂಬಿದ ಡೌನ್ ಜಾಕೆಟ್ ಹಾಕಿಕೊಂಡರೂ ಚಳಿ ಒಳಗಿಂದ ಬರುತ್ತಿತ್ತು. ಹಲ್ಲು ಕಟಕಟ. ಸೂರ್ಯೋದಯ ನೋಡಿದ್ದು ನೆನಪಿಲ್ಲ, ಇಳಿಯಲು ಶುರು ಮಾಡಿದ್ದು ನೆನಪಿದೆ.

ಎರಡನೇ ಸ್ಥಿತಿಗೆ, ಅಂದರೆ ನೆತ್ತಿಯಲ್ಲಿ ನಿಲ್ಲುವುದಕ್ಕೆ, ಒಳಂಗಿ ಮುಖ್ಯವೇ ಅಲ್ಲ. ಅಲ್ಲಿ ಕೆಲಸ ಮಾಡುವುದು ಡೌನ್ ಜಾಕೆಟ್. ನಿಂತ ಕೂಡಲೇ, ಚಳಿ ಹತ್ತುವ ಮೊದಲೇ, ಎಲ್ಲದರ ಮೇಲೆ ಹಾಕಿಕೊಳ್ಳಬೇಕು. ಒಳಗೆ 30 ಗ್ರಾಂ ಬೆವರಿದೆಯೋ 90 ಇದೆಯೋ ಅನ್ನುವುದರ ಮೇಲೆ ಆ ಜಾಕೆಟ್ಟಿನ ಬಿಸಿ ಉಳಿಯುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಮೂರನೇ ಸ್ಥಿತಿಯಲ್ಲಿ 260 ಗೆಲ್ಲುತ್ತದೆ. ಖಂಡಿತ ಗೆಲ್ಲುತ್ತದೆ. ಸಂಜೆ ನಾಲ್ಕೂವರೆಗೆ ಬಿಸಿಲು ಹೋದ ಮೇಲೆ ಮರುದಿನ ಬೆಳಗಿನವರೆಗೆ ನೀವು ಬೆವರುವ ಪ್ರಶ್ನೆಯೇ ಇಲ್ಲ. ಊಟದ ಟೆಂಟಿನಲ್ಲಿ ಕೂರುವುದು, ಮಲಗುವುದು, ರಾತ್ರಿ ಎದ್ದು ಹೊರಗೆ ಹೋಗಿ ಬರುವುದು. ಆಗ ಬಟ್ಟೆಯ ಒಳಗೆ ಎಷ್ಟು ಗಾಳಿ ನಿಂತಿದೆ ಅನ್ನುವುದೇ ಲೆಕ್ಕ, ದಪ್ಪ ಹೆಣಿಗೆಯಲ್ಲಿ ಅದು ಜಾಸ್ತಿ. ಒಣಗಿದ 260ನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಮಾತ್ರ ಅಂತ ಬೇರೆ ಇಟ್ಟುಕೊಳ್ಳಿ. ಅದನ್ನು ತೊಟ್ಟು ಒಂದು ಹೆಜ್ಜೆಯೂ ಏರಬೇಡಿ. ಅದು ನೈಟ್ ಡ್ರೆಸ್ ಅಂತಲೇ ತಿಳಿಯಿರಿ, ಅಷ್ಟು ಬೆಲೆ ಕೊಟ್ಟ ನೈಟ್ ಡ್ರೆಸ್ ಅಂತ ಹೊಟ್ಟೆ ಉರಿದರೂ.

ಹೆಪ್ಪುಗಟ್ಟಿದ ನದಿಯ ಮೇಲೆ ನಿಧಾನಕ್ಕೆ ಕಾಲೆಳೆದು ನಡೆಯುವ ಲಡಾಖಿನ ಚಾದರ್ ತರಹದ ಟ್ರೆಕ್ ಆದರೆ ಲೆಕ್ಕ ಬೇರೆ. ಅಲ್ಲಿ ಏರು ಕಡಿಮೆ, ಚಳಿ ಮೈನಸ್ ಇಪ್ಪತ್ತರ ಹತ್ತಿರ. ಹಗಲಿಗೂ ದಪ್ಪದ್ದು ನಡೆಯುತ್ತದೆ. ಚಳಿಗಾಲದಲ್ಲಿ ಹಿಮಾಚಲದ ಸ್ಪಿತಿ ಕಣಿವೆಯಲ್ಲಿ ಜೀಪಿನಲ್ಲಿ ಕೂತು ಸುತ್ತುವವರಿಗೂ ಅಷ್ಟೇ.

ಪುಣೆಯ ಬೆಳಗು

ಈಗ ಹಿಂಜವಡಿ. ಕಾರ್ತಿಕ್ ಬೆಳಗ್ಗೆ ಆರೂವರೆಗೆ ಕೋಥ್ರೂಡ್ ಬಿಟ್ಟು ಚಾಂದನಿ ಚೌಕ ಹತ್ತಿ ಹೈವೇ ಹಿಡಿಯುತ್ತಾನೆ. ಡಿಸೆಂಬರ್-ಜನವರಿಯಲ್ಲಿ ಆ ಹೊತ್ತಿಗೆ 10-12 ಡಿಗ್ರಿ. ಪಾಷಾಣದ ಕಡೆ ಊರಿನ ನಡುವಿಗಿಂತ ಇನ್ನೂ ಸ್ವಲ್ಪ ಕಡಿಮೆ. ಮಧ್ಯಾಹ್ನ ಅದೇ ಊರಲ್ಲಿ 28-30. ಪುಣೆಯ ಚಳಿಗಾಲ ಅಂದರೆ ಇದೇ, ಒಂದೇ ದಿನದಲ್ಲಿ ಹದಿನೆಂಟು ಡಿಗ್ರಿ ಏರಿಳಿತ.

ಗಾಡಿ ಮೇಲೆ ಚಳಿ ಮಾಡುವುದು ಗಾಳಿ. 10 ಡಿಗ್ರಿಯಲ್ಲಿ ಗಂಟೆಗೆ 40 ಕಿ.ಮೀ. ಹೋದರೆ ತೆರೆದ ಚರ್ಮಕ್ಕೆ ಅದು 6 ಡಿಗ್ರಿಯಂತೆ ತಾಗುತ್ತದೆ. ಹಾಗಾದರೆ 260 ಬೇಕಲ್ವಾ ಅಂದರೆ, ಇಲ್ಲ. ಹೆಣೆದ ಉಣ್ಣೆ ಗಾಳಿಗೆ ಜರಡಿ ಇದ್ದ ಹಾಗೆ. 260 ಆದರೂ ತೂತು ಇದ್ದೇ ಇರುತ್ತದೆ, ಒಳಗೆ ನಿಂತ ಬೆಚ್ಚನೆಯ ಗಾಳಿಯನ್ನು ಎದುರುಗಾಳಿ ಹೊಡೆದು ಓಡಿಸುತ್ತದೆ. ನೀವೇ ನೋಡಬಹುದು: ಅಂಗಿಯನ್ನು ಬಾಯಿಗೆ ಹಿಡಿದು ಊದಿ, ಆ ಕಡೆ ಕೈ ಇಡಿ. ಗಾಳಿ ಆರಾಮಾಗಿ ಬರುತ್ತದೆ. ಎರಡು-ಮೂರು ನೂರು ರೂಪಾಯಿಯ ಸಾದಾ ರೇನ್‌ಕೋಟ್ ಮೇಲಂಗಿಯನ್ನು ಹೀಗೆ ಊದಿ ನೋಡಿ, ಬರುವುದಿಲ್ಲ. ಮಳೆಗಾಲ ಮುಗಿದ ಮೇಲೆ ಅದನ್ನು ಅಟ್ಟಕ್ಕೆ ಹಾಕಬೇಡಿ. 150ರ ಮೇಲೆ ಅದನ್ನು ಹಾಕಿಕೊಂಡು ಹೋದವನು, ಬರಿ 260 ಹಾಕಿಕೊಂಡು ಹೋದವನಿಗಿಂತ ಬೆಚ್ಚಗಿರುತ್ತಾನೆ.

ಇನ್ನೊಂದು ವಿಷಯ, ಆಫೀಸ್ ಮುಟ್ಟಿದ ಮೇಲೆ ಏನು? 150ನ್ನು ಶರ್ಟಿನ ಒಳಗೆ ಬನಿಯನ್ನಿನ ಹಾಗೆ ಇಟ್ಟುಕೊಂಡು ಎಸಿಯಲ್ಲಿ ದಿನ ಕಳೆಯಬಹುದು. ಮಧ್ಯಾಹ್ನ ಊಟಕ್ಕೆ ಹೊರಗೆ ಹೋದಾಗ ಸ್ವಲ್ಪ ಬಿಸಿ ಅನ್ನಿಸುತ್ತದೆ, ಅಷ್ಟೇ. 260 ತೊಟ್ಟವನು ಹತ್ತು ಗಂಟೆಗೇ ಶೌಚಾಲಯಕ್ಕೆ ಹೋಗಿ ಬಿಚ್ಚಿ, ಬ್ಯಾಗಿಗೆ ತುರುಕಿ ಬರಬೇಕು. ಶರ್ಟಿನ ಕೆಳಗೆ ಉಬ್ಬಿಕೊಂಡು ಬೇರೆ ಕಾಣುತ್ತದೆ.

ನಮ್ಮ ಬಿಲ್ಡಿಂಗಿನ ಕುಲಕರ್ಣಿ ಕಾಕಾ ದಿನಾ ಬೆಳಗ್ಗೆ ವೇತಾಳ ಟೇಕಡಿ ಹತ್ತುತ್ತಾರೆ. ಅರವತ್ತೈದು ದಾಟಿದೆ, ನಿಧಾನ ನಡಿಗೆ. "ನಮಗ ವಯಸ್ಸಾದವ್ರಿಗೆ ದಪ್ಪಂದೇ ಬೇಕಲ್ಲಪಾ" ಅಂದರು. ಅವರಿಗೂ 150 ಹಾಕಿಸಿ, ಮೇಲೆ ಅವರದೇ ಹಳೇ ತೋಳಿಲ್ಲದ ಸ್ವೆಟರ್ ಹಾಕಿಕೊಳ್ಳಿ ಅಂದೆ. ಏರು ಮುಗಿದ ಮೇಲೆ ಸ್ವೆಟರ್ ಕೈಯಲ್ಲಿ ಹಿಡಿದು ಇಳಿಯುತ್ತಾರೆ. ಕುತ್ತಿಗೆ, ಕಿವಿ ಮುಚ್ಚಿದರೆ ಸಾಕು ಅವರಿಗೆ. ನಿಜ ಹೇಳಬೇಕೆಂದರೆ ಪುಣೆಯ ಬೆಳಗಿಗೆ ಮಾತ್ರ ಅಂತ ಮೆರಿನೋ ಕೊಳ್ಳುವುದೇ ದುಂದು. ತೆಳು ಹತ್ತಿ ಬನಿಯನ್ನಿನ ಮೇಲೆ ಸ್ವೆಟರ್ ಹಾಕಿದರೂ ನಡೆಯುತ್ತದೆ. ಟ್ರೆಕ್ಕಿಗೆ ಕೊಂಡದ್ದು ಊರಲ್ಲೂ ಬಳಕೆಗೆ ಬರಲಿ ಅನ್ನುವವರಿಗೆ ಈ ಮಾತು.

ಗೋವಾ, ಮುಂಬೈಯವರು ಕೇಳಿದರೆ ನನ್ನ ಉತ್ತರ ಇನ್ನೂ ಚಿಕ್ಕದು. ಅಲ್ಲಿನ ಬೆಳಗಿಗೆ ಯಾವ ತೂಕವೂ ಬೇಡ.

200 ಯಾಕೆ ಬೇಡ, ಯಾರಿಗೆ ಬೇಕು

ಎರಡಕ್ಕೂ ನಡುವೆ 200 ತಗೊಂಡರೆ ಆಯ್ತಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ಅದು ಕೆಟ್ಟದ್ದೇನಲ್ಲ. ಬೇಗ ಚಳಿ ಹತ್ತುವ ಮೈ ಇರುವವರಿಗೆ, ನಿಧಾನಕ್ಕೆ ಏರುವವರಿಗೆ, ಗುಂಪಿನಲ್ಲಿ ಪದೇ ಪದೇ ನಿಲ್ಲಬೇಕಾದವರಿಗೆ ಹಿಮದ ಟ್ರೆಕ್ಕಿನಲ್ಲಿ 200 ಸರಿಯಾಗಿ ಕೂರುತ್ತದೆ. ಆದರೆ ಕಾರ್ತಿಕ್ ತರಹ ದಬದಬ ಏರಿ ಬೆವರುವವನಿಗೆ ಅದು ಏರುವಾಗ ಜಾಸ್ತಿ, ಮಲಗುವಾಗ ಕಡಿಮೆ. ಪುಣೆಯಲ್ಲಂತೂ ಒಂಬತ್ತೂವರೆಗೇ ಮೈ ಕಾಯುತ್ತದೆ.

ಕಾಲಿಗೆ ಮಾತ್ರ 200 ನನ್ನ ಆಯ್ಕೆ. ತೊಡೆ, ಮೊಣಕಾಲು ಎದೆ-ಬೆನ್ನಿನಷ್ಟು ಬೆವರುವುದಿಲ್ಲ. ಪ್ಯಾಂಟಿನ ಮೇಲೆ ಇನ್ನೊಂದು ಪದರ ಹಾಕುವುದು ತೆಗೆಯುವುದು ಹಿಮದ ಬೂಟು ಇದ್ದಾಗ ದೊಡ್ಡ ರಗಳೆ. ಹಾಗಾಗಿ ಕಾಲಿಗೆ ಒಮ್ಮೆ ಹಾಕಿದ್ದು ರಾತ್ರಿಯವರೆಗೂ ನಡೆಯುವಂತಿರಬೇಕು.

ಹಗುರದ್ದರ ತೊಂದರೆ

150ನ್ನು ಇಷ್ಟು ಹೊಗಳಿದ ಮೇಲೆ ಅದರ ಕೊರತೆಯನ್ನೂ ಹೇಳಬೇಕು. ಅದು ಬೇಗ ತೂತಾಗುತ್ತದೆ. ಚೀಲದ ಸೊಂಟಪಟ್ಟಿ ಉಜ್ಜುವ ಜಾಗ, ಬೆಲ್ಟಿನ ಬಕಲ್ಲಿನ ಮೇಲೆ, ಹೆಗಲಿನ ಪಟ್ಟಿಯ ಅಂಚು, ಇವು ಮೂರು ಜಾಗ. ಶುರುವಿಗೆ ಬೆಳಕಿಗೆ ಹಿಡಿದರೆ ಅಲ್ಲಿ ಬಟ್ಟೆ ತೆಳುವಾಗಿ ಜಾಳುಜಾಳು ಕಾಣುತ್ತದೆ. ಆಮೇಲೆ ಸಾಸಿವೆಯಷ್ಟು ತೂತು. ನೂರಕ್ಕೆ ನೂರು ಮೆರಿನೋ ಬೇಕೇ ಬೇಕು ಅನ್ನುವ ಹಟ ಹಗುರ ತೂಕದಲ್ಲಿ ಬೇಡ. ನಡುವೆ ನೈಲಾನ್ ಎಳೆ ಇಟ್ಟು ಸುತ್ತ ಉಣ್ಣೆ ಸುತ್ತಿದ ನೂಲು ಬರುತ್ತದೆ, 10-15 ಭಾಗ ನೈಲಾನ್ ಇರುವಂಥದು. ಬಾಳಿಕೆ ಜಾಸ್ತಿ, ಬೇಗ ಆರುತ್ತದೆ, ಮೈಗೆ ಉಣ್ಣೆಯೇ ತಾಗುತ್ತದೆ. ಲೇಬಲ್ಲಿನಲ್ಲಿ ಮೆರಿನೋ 80ಕ್ಕಿಂತ ಕೆಳಗಿದ್ದು ಉಳಿದದ್ದು ಅಕ್ರಿಲಿಕ್ ಅಂತಿದ್ದರೆ ಮಾತ್ರ ಬಿಟ್ಟುಬಿಡಿ. ಅದು ಹೆಸರಿಗೆ ಮೆರಿನೋ.

ಒಗೆಯುವಾಗ ದಿನನಿತ್ಯದ ಪುಡಿ ಹಾಕಬೇಡಿ. ಅನ್ನ-ಸಾರಿನ ಕಲೆ ತೆಗೆಯಲು ಅದರಲ್ಲಿ ಕಿಣ್ವ ಇರುತ್ತದೆ. ಅದರಲ್ಲಿ ಒಂದು ಬಗೆಯದು ಪ್ರೋಟೀನನ್ನೇ ತಿನ್ನುತ್ತದೆ, ಉಣ್ಣೆಯೂ ಪ್ರೋಟೀನೇ. ಉಣ್ಣೆಗೆಂದೇ ಬರುವ ದ್ರವ ಸೋಪು, ತಣ್ಣೀರು, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತುವುದು. ದಪ್ಪದ್ದನ್ನು ಹಗ್ಗಕ್ಕೆ ಹಾಕಿದರೆ ನೀರಿನ ಭಾರಕ್ಕೆ ತೋಳು ಜೋತುಬಿದ್ದು ಮಂಗನ ಕೈ ಆಗುತ್ತದೆ, ಹಾಸಿ ಒಣಗಿಸಿ. ನಮ್ಮ ಬಾಲ್ಕನಿಯ ನೆರಳಲ್ಲಿ ಹಗುರದ್ದು ಮಧ್ಯಾಹ್ನದೊಳಗೆ ಒಣಗಿದರೆ ದಪ್ಪದ್ದು ಮರುದಿನಕ್ಕೆ. ಕ್ಯಾಂಪಿನಲ್ಲಿ ಒಣಗುವುದೇ ಇಲ್ಲ, ಹಿಮಗಟ್ಟಿ ರಟ್ಟಾಗುತ್ತದೆ. ಆದರೆ ಉಣ್ಣೆ ಬೇಗ ನಾರುವುದಿಲ್ಲವಾದ್ದರಿಂದ ನಾಲ್ಕು ದಿನ ಒಂದೇ 150ರಲ್ಲಿ ಏರಬಹುದು. ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಹೊಟ್ಟೆಯ ಹತ್ತಿರ ಹಾಸಿಕೊಂಡರೆ ಬೆಳಗಿಗೆ ಪಸೆ ಆರಿರುತ್ತದೆ.

ಪುಣೆಯ ಮಳೆಗಾಲದಲ್ಲಿ ನುಸಿ ಇದರ ಶತ್ರು. ಬೆವರಿನ ಕಲೆ ಇರುವ ಜಾಗಕ್ಕೇ ಮೊದಲು ಬಾಯಿ ಹಾಕುತ್ತದೆ. ಒಗೆದು, ಪೂರ್ತಿ ಒಣಗಿಸಿ, ಜಿಪ್ ಇರುವ ಚೀಲದಲ್ಲಿ ಹಾಕಿಡಿ. ಬೇವಿನ ಎಲೆ ಹಾಕಿದರೆ ಮನಸ್ಸಿಗೆ ಸಮಾಧಾನ, ಆದರೆ ಕೆಲಸ ಮಾಡುವುದು ಆ ಚೀಲ.

ಕಾರ್ತಿಕ್ ಕೊನೆಗೆ 150 ಒಂದು ಕೊಂಡ, ನೈಲಾನ್ ಎಳೆ ಇರುವುದು. ಕಾಲಿಗೆ 200. ಮಲಗಲು ನನ್ನ 260ನ್ನು ಒಯ್ದ. ಜನವರಿ ಮೊದಲ ವಾರ ಮರಳಿ ಬಂದಾಗ ನನ್ನದನ್ನು ಒಗೆದು ಮಡಚಿ ತಂದಿದ್ದ. ಅವನ 150ರ ಬಲಸೊಂಟದಲ್ಲಿ ಚೀಲದ ಪಟ್ಟಿ ಉಜ್ಜಿ ಬಟ್ಟೆ ಜಾಳಾಗಿತ್ತು. ಅಕ್ಕ ಆಗಲೇ ಒಳಗಿನಿಂದ ಬೂದುಬಣ್ಣದ ನೂಲಿನಲ್ಲಿ ರಫೂ ಮಾಡಿದ್ದಳು. ಅಂಗಿ ಕಪ್ಪು. "ಮನಿಯಾಗ ಕರೇ ನೂಲು ಇರ್ಲಿಲ್ಲ" ಅಂದಳಂತೆ.